ಮೇಲಿನ ಎರಡು ಪ್ಯಾರಾ

ಮಂಗಳೂರಿನ ಫಳ್ನೀರಿನಲ್ಲಿ ಸೂಟ್‌ಕೇಸಿನ ಜಿಪ್ಪು ಹಾಳಾದವರು ಸಿದ್ದೀಕಾಕನ ಅಂಗಡಿಗೆ ಹೋಗುತ್ತಾರೆ. ರಕ್ತ ಬೇಕಾದವರೂ ಅಲ್ಲಿಗೇ ಹೋಗುತ್ತಾರೆ. ಜಿಪ್ಪಿನವರ ಹತ್ತಿರ ಅವರು ಚೌಕಾಸಿ ಮಾಡುತ್ತಾರೆ, ಜಗಳವನ್ನೂ ಆಡುತ್ತಾರೆ. ರಕ್ತದವರ ಹತ್ತಿರ ಎರಡೇ ಪ್ರಶ್ನೆ: ಯಾವ ಗುಂಪು, ಎಷ್ಟು ಗಂಟೆಯೊಳಗೆ ಬೇಕು. ರೋಗಿಯ ಹೆಸರನ್ನಾಗಲೀ ಜಾತಿಯನ್ನಾಗಲೀ ಅವರು ಕೇಳಿದ್ದನ್ನು ಇಷ್ಟು ವರ್ಷದಲ್ಲಿ ನಾನು ಒಂದು ದಿನವೂ ಕಂಡಿಲ್ಲ. ಪಕ್ಕದ ಅಂಗಡಿ ನನ್ನದು, ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ. ಅವರು ಫೋನಿನಲ್ಲಿ ಆಡುವ ಪ್ರತಿ ಮಾತೂ ನನಗೆ ಕೇಳುತ್ತದೆ, ಬೇಡವೆಂದರೂ ಕೇಳುತ್ತದೆ.

ನನ್ನದು ಝೆರಾಕ್ಸ್ ಮತ್ತು ಕಂಪ್ಯೂಟರ್ ಅಂಗಡಿ. ಎರಡು ಕಂಪ್ಯೂಟರ್, ಒಂದು ದೊಡ್ಡ ಪ್ರಿಂಟರ್, ಮತ್ತೆ ನಾನು. ಈ ರಸ್ತೆಯ ಆಸ್ಪತ್ರೆಗಳಿಗೆ ಬಂದವರ ಆಧಾರ್, ವಿಮೆ, ಡಿಸ್ಚಾರ್ಜ್ ಸಮ್ಮರಿ ಎಲ್ಲವೂ ನನ್ನ ಕೈಯಲ್ಲೇ ಹಾದುಹೋಗುವುದರಿಂದ ಕಂಪ್ಯೂಟರಿನ ವಿಷಯದಲ್ಲಿ ನನಗೆ ತಿಳಿಯದ್ದು ಇಲ್ಲ ಎಂಬ ಅಹಂಕಾರ ನನಗಿತ್ತು. ಇತ್ತು ಎಂದು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಸಿದ್ದೀಕಾಕನಿಗೆ ಐವತ್ತೆಂಟು. ದಮ್ಮಾಮಿನಲ್ಲಿ ಹದಿನಾಲ್ಕು ವರ್ಷ ಲಗೇಜು ಅಂಗಡಿಯಲ್ಲಿ ದುಡಿದು ಬಂದವರು. ಊರಿಗೆ ಬಂದ ವರ್ಷ ಹೆಂಡತಿ ನಾಝಿಮಾ ಹೆರಿಗೆಯಲ್ಲಿ ಸಾಯುವ ಹಾಗಾದಾಗ ಯಾರೋ ಒಬ್ಬ ಆಟೋದವ ರಕ್ತ ಕೊಟ್ಟು, ಹೆಸರು ಹೇಳದೆ ಬಾಡಿಗೆ ಹಿಡಿದು ಹೋಗಿಬಿಟ್ಟಿದ್ದನಂತೆ. ಮರುವಾರವೇ ಇವರು ಒಂದು ಉದ್ದ ಪುಸ್ತಕ ತಂದು ಗೆರೆ ಎಳೆದರು. ಗುಂಪಿಗೊಂದು ಪುಟ. ಹೆಸರು, ಫೋನು, ಕೊನೆಯ ಸಲ ಕೊಟ್ಟ ತಾರೀಕು. ಮೂರು ತಿಂಗಳು ಆಗದವರ ಹೆಸರಿಗೆ ಪೆನ್ಸಿಲಿನ ಗೀಟು. ಆಮೇಲೆ ವಾಟ್ಸಾಪ್ ಗ್ರೂಪು ಬಂತು, ನಾನ್ನೂರು ಚಿಲ್ಲರೆ ಜನರಾದರು. ಆದರೂ ಅವರು ನಂಬುವುದು ಪುಸ್ತಕವನ್ನೇ. ರಕ್ತ ಕೊಟ್ಟವರನ್ನು ರಸ್ತೆ ದಾಟಿಸಿ, ಒಂದು ಬೊಂಡದ ಎಳನೀರು ಕುಡಿಸಿ, ಪೂರ್ತಿ ಕುಡಿದರೋ ಎಂದು ಇಣುಕಿ ನೋಡಿ ಕಳಿಸುತ್ತಾರೆ. ಕುಡಿಯದವರಿಗೆ ಬೈಗುಳ.

ಇಂಥವರ ಬಗ್ಗೆ ಸೋಮವಾರ ಬೆಳಿಗ್ಗೆ ‘ಪಡುಗಾಳಿ’ ಎಂಬ ಪತ್ರಿಕೆಯ ಜಾಲತಾಣದಲ್ಲಿ ಬಂದ ತಲೆಬರಹ ಹೀಗಿತ್ತು: ರಕ್ತ ಮಾರಾಟ ಜಾಲ, ಸಿದ್ದೀಕ್ ಬಂಧನ.

ಬಂಧನವಾದದ್ದು ನಿಜ. ಬಂಧನವಾದವನ ಹೆಸರು ಸಿದ್ದೀಕ್ ಎಂಬುದೂ ನಿಜ. ಪಕ್ಕದ ಜಿಲ್ಲೆಯವನು, ರೋಗಿಗಳ ಮನೆಯವರಿಂದ ಹಣ ತಿಂದು ರಕ್ತ ಕೊಡಿಸುತ್ತೇನೆಂದು ಹೇಳುತ್ತಿದ್ದವನು. ವರದಿಗಾರ ಅಲ್ಲಿ ಇಲ್ಲಿ ಫೋನ್ ಮಾಡಿದಾಗ ಯಾರೋ, ‘ರಕ್ತದ ಸಿದ್ದೀಕಾ? ಫಳ್ನೀರಿನವರಲ್ಲವಾ’ ಎಂದಿರಬೇಕು. ಎರಡನೆಯ ಪ್ಯಾರಾದಲ್ಲಿ ಅದೂ ಸೇರಿಕೊಂಡಿತು: ಆರೋಪಿಯು ಮಂಗಳೂರಿನ ಫಳ್ನೀರಿನಲ್ಲಿ ರಕ್ತದಾನಿಗಳ ಗುಂಪು ನಡೆಸುತ್ತಿದ್ದ.

ಸಿದ್ದೀಕಾಕ ಆ ದಿನ ಬಿಜೈಯಲ್ಲಿರುವ ಆ ಪತ್ರಿಕೆಯ ಕಚೇರಿಗೆ ನಡೆದೇ ಹೋದರು. ಬಸ್ಸಿನಲ್ಲಿ ಯಾರಾದರೂ ಮಾತಾಡಿಸಿದರೆ ಏನು ಹೇಳುವುದು ಎಂದು ನಡೆದದ್ದಂತೆ. ಅಲ್ಲಿ ಡೆಸ್ಕಿನಲ್ಲಿದ್ದ ದೀಪೇಶ್ ಎಂಬ ಉಪಸಂಪಾದಕ ಒಳ್ಳೆಯ ಮಾತಿನವನೇ. ಪೊಲೀಸರಿಗೆ ಫೋನ್ ಮಾಡಿ ವಿಚಾರಿಸಿ, ಸಂಜೆಯೊಳಗೆ ವರದಿಯ ಕೊನೆಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಸೇರಿಸಿ, ತನ್ನ ಪರದೆಯನ್ನೇ ತಿರುಗಿಸಿ ತೋರಿಸಿದನಂತೆ. ‘ಬಂಧಿತ ವ್ಯಕ್ತಿಗೂ ಫಳ್ನೀರಿನಲ್ಲಿ ಹಲವು ವರ್ಷಗಳಿಂದ ರಕ್ತದಾನಿಗಳ ಗುಂಪು ನಡೆಸುತ್ತಿರುವ ಸಿದ್ದೀಕ್ ಅವರಿಗೂ ಯಾವುದೇ ಸಂಬಂಧವಿಲ್ಲ. ತಪ್ಪಿಗೆ ವಿಷಾದಿಸುತ್ತೇವೆ.’ ಸಿದ್ದೀಕಾಕ ಅದನ್ನು ಬಾಯಿಪಾಠ ಮಾಡಿಕೊಂಡು ಬಂದರು.

ಮಂಗಳವಾರ ಬೆಳಿಗ್ಗೆ ನಾನು ಶಟರ್ ಎತ್ತುವ ಮೊದಲೇ ಮೆಟ್ಟಿಲಲ್ಲಿ ಕೂತಿದ್ದರು.

“ಅಕ್ಕ, ತಿದ್ದುಪಡಿ ಬಂದಿದೆ. ಗ್ರೂಪಿಗೆ ಕಳಿಸ್ಬೇಕು. ಆದ್ರೆ ನನ್ನ ಫೋನಲ್ಲಿ ಅರ್ಧಕ್ಕೆ ನಿಲ್ತದೆ ಮಾರಾಯ್ತಿ. ನಿನ್ನೆ ಹತ್ತು ಸಲ ತೆಗ್ದು ನೋಡಿದ್ದಕ್ಕೆ ಲೆಕ್ಕ ಮುಗಿದಿರ್ಬೇಕು.”

“ಒಂದೇ ಸುದ್ದಿಯನ್ನು ಹತ್ತು ಸಲ ತೆಗ್ದರೂ ಅದು ಒಂದೇ ಲೆಕ್ಕ, ಸಿದ್ದೀಕಾಕ. ಬೇರೆ ಎಂತದ್ದಾದ್ರೂ ಓದಿದ್ರಾ?”

ಓದಿದ್ದರು. ಇನ್ನೆಲ್ಲಿ ತನ್ನ ಹೆಸರು ಬಂದಿದೆಯೋ ಎಂದು ಆ ತಾಣದ ಅಪರಾಧ ಸುದ್ದಿಗಳನ್ನೆಲ್ಲ ಒಂದೊಂದಾಗಿ ತೆರೆದಿದ್ದರು. ತಲೆಬರಹಗಳ ಪಟ್ಟಿಯನ್ನು ಎಷ್ಟು ನೋಡಿದರೂ ಲೆಕ್ಕವಿಲ್ಲ. ಒಳಗೆ ಹೋದರೆ ಮಾತ್ರ ಲೆಕ್ಕ. ತಿಂಗಳಿಗೆ ಐದು ಸುದ್ದಿ ಪುಕ್ಕಟೆ, ಐದು ಮುಗಿದ ಮೇಲೆ ಯಾವುದನ್ನು ತೆರೆದರೂ, ಮೊದಲು ಓದಿದ್ದನ್ನೇ ತೆರೆದರೂ, ತಲೆಬರಹ, ಚಿತ್ರ, ಮೇಲಿನ ಎರಡು ಪ್ಯಾರಾ, ಅಷ್ಟೇ. ಅದರ ಕೆಳಗೆ ಅಕ್ಷರಗಳು ಮಸುಕಾಗಿ ಒಂದು ಚೌಕ ಎದ್ದು ನಿಲ್ಲುತ್ತದೆ: ಓದು ಮುಂದುವರಿಸಲು ಚಂದಾದಾರರಾಗಿ.

ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದೆ. ಅಲ್ಲಿಯೂ ಅದೇ ಚೌಕ. ಅದಕ್ಕೆ ಕಾರಣ ಗೊತ್ತಿತ್ತು. ಲೆಕ್ಕ ಇಡುವುದು ಓದುವ ಮನುಷ್ಯನದ್ದಲ್ಲ. ನಾವು ಲಾಗಿನ್ ಆಗದೆ ಓದಿದರೆ ಅದಕ್ಕೆ ನಾವು ಯಾರೆಂದೇ ತಿಳಿಯದು. ಆ ಬ್ರೌಸರಿನಲ್ಲಿ ಒಂದು ಸಣ್ಣ ಗುರುತು ಇಟ್ಟು ಹೋಗುತ್ತದೆ, ಮುಂದಿನ ಸಲ ಆ ಗುರುತು ನೋಡಿ ಎಣಿಸುತ್ತದೆ. ನನ್ನಲ್ಲಿ ಸ್ಕ್ಯಾನ್ ಆಗುವ ತನಕ ಕಾಯುವ ಜನರೆಲ್ಲ ಒಂದೊಂದು ಸುದ್ದಿ ಓದುತ್ತಾರೆ. ಒಂದನೇ ತಾರೀಕಿನ ಮಧ್ಯಾಹ್ನಕ್ಕೆ ಎರಡು ಕಂಪ್ಯೂಟರಿನ ಐದೈದೂ ಖಾಲಿಯಾಗಿರುತ್ತದೆ. ಗುರುತು ಅಳಿಸಿದರೆ, ಇಲ್ಲವೇ ಖಾಸಗಿ ಕಿಟಕಿಯಲ್ಲಿ ತೆರೆದರೆ ಎಷ್ಟೋ ತಾಣಗಳಲ್ಲಿ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ನಾನು ಮೌಸ್ ಹಿಡಿದು ಅದನ್ನೇ ಮಾಡಹೊರಟಿದ್ದೆ.

“ಅದೆಂತ, ಹಿಂದಿನ ಬಾಗಿಲಾ?” ಎಂದು ಕೇಳಿದರು ಸಿದ್ದೀಕಾಕ.

“ಹಾಗೇ ಅಂತ ಇಟ್ಕೊಳ್ಳಿ.”

“ಬೇಡ ಅಕ್ಕ. ಕಳ್ಳ ಅಂತ ಬರೆದಾಯ್ತು. ಅಲ್ಲ ಅಂತ ಬರೆದದ್ದನ್ನು ಕದ್ದು ಓದುದು ಬೇಡ. ದುಡ್ಡು ಕೊಟ್ಟೇ ಓದುವ.”

ಮನುಷ್ಯ ಇಷ್ಟು ನೇರ ಇದ್ದರೆ ಪಕ್ಕದಲ್ಲಿರುವವರಿಗೆ ಕಷ್ಟ. ಅವರ ಫೋನ್ ನಂಬರಿನಲ್ಲೇ ಒಂದು ತಿಂಗಳ ಡಿಜಿಟಲ್ ಚಂದಾ ಮಾಡಿದೆ. ನನ್ನ ಎದುರಿನ ಕಂಪ್ಯೂಟರಿನಲ್ಲಿ ಲಾಗಿನ್, ಅವರ ಫೋನಿನಲ್ಲಿ ಲಾಗಿನ್. ಎರಡು ಸಾಧನಕ್ಕೆ ಅನುಮತಿ ಇತ್ತು, ಎರಡೂ ಮುಗಿಯಿತು. ಚೌಕ ಮಾಯವಾಯಿತು. ಜಾಹೀರಾತುಗಳು ಮಾತ್ರ ಎಲ್ಲಿದ್ದವೋ ಅಲ್ಲೇ ಇದ್ದವು. ಮುದ್ರಿತ ಪುಟದಲ್ಲೂ ತಿದ್ದುಪಡಿ ಬಂದಿದೆಯೋ ನೋಡೋಣವೆಂದು ಇ-ಪೇಪರ್ ಒತ್ತಿದರೆ, ಈ ಚಂದಾದಲ್ಲಿ ಅದು ಸೇರಿಲ್ಲ, ಅದಕ್ಕೆ ಬೇರೆ ಯೋಜನೆ ಎಂದಿತು. ಇರಲಿ, ಬೇಕಾದದ್ದು ಸಿಕ್ಕಿತಲ್ಲ. ವರದಿಯ ತುದಿಯಲ್ಲಿ, ಓರೆ ಅಕ್ಷರದಲ್ಲಿ, ನಾಲ್ಕೂ ಸಾಲು. ಸಿದ್ದೀಕಾಕ ತನ್ನ ಫೋನಿನಲ್ಲಿ ಅದನ್ನು ಓದಿ, ಕಣ್ಣೊರೆಸಿ, ಇನ್ನೊಮ್ಮೆ ಓದಿದರು.

ಬ್ರೌಸರಿನ ಮೇಲ್ಗಡೆಯ ವಿಳಾಸದ ಪಟ್ಟಿಯಿಂದ ಸುದ್ದಿಯ ಕೊಂಡಿಯನ್ನು ನಕಲು ಮಾಡಿ ಅವರಿಗೆ ಕಳಿಸಿದವಳು ನಾನು. ಮೇಲೆ ಏನು ಬರೆಯಬೇಕೆಂದು ಹೇಳಿಕೊಟ್ಟವಳೂ ನಾನೇ: ‘ದಯವಿಟ್ಟು ಎಲ್ಲರೂ ಇದನ್ನು ಪೂರ್ತಿ ಓದಿ. ಆಮೇಲೆ ನಿಮಗೇ ಗೊತ್ತಾಗುತ್ತದೆ.’ ಅವರು ಗ್ರೂಪಿಗೆ ಹಾಕಿದರು. ಗಂಟೆ ಹತ್ತು ಇಪ್ಪತ್ತು.

ಅರ್ಧ ಗಂಟೆ ಕಳೆದಿರಲಿಲ್ಲ, ನನ್ನ ತಮ್ಮ ಫೋನ್ ಮಾಡಿದ. ತಮ್ಮನಾದರೂ ಅವನ ಹೆಸರು ಅಣ್ಣು, ಮನೆಯಲ್ಲಿ ಅದೊಂದು ಹಳೆಯ ತಮಾಷೆ. ಆ ದಿನ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಅವನ ಮಗಳು ಸಂಚಿತಾ ನಮ್ಮ ರಸ್ತೆಯದ್ದೇ ಒಂದು ಆಸ್ಪತ್ರೆಯಲ್ಲಿ ಹೆರಿಗೆಗೆ ಸೇರಿದ್ದಳು. ಮಾಸು ಕೆಳಗೆ ಬಂದು ಗರ್ಭದ ಬಾಯಿಗೆ ಅಡ್ಡವಾಗಿದೆ, ನಾಳೆ ಬೆಳಿಗ್ಗೆ ಎಂಟಕ್ಕೆ ಆಪರೇಷನ್, ರಕ್ತ ಬಹಳ ಹೋಗಬಹುದು, ಎರಡು ಬಾಟಲಿ ಕೈಯಲ್ಲಿ ಇಲ್ಲದೆ ಮುಟ್ಟುವುದಿಲ್ಲ ಎಂದಿದ್ದರು ಡಾಕ್ಟರು. ಸಂಚಿತಾಳದ್ದು ಬಿ ನೆಗೆಟಿವ್. ಅಲ್ಲಿನ ಬ್ಲಡ್ ಬ್ಯಾಂಕಿನಲ್ಲಿ ಇರಲಿಲ್ಲ, ಕೇಳಿದ ಬೇರೆ ಕಡೆಗಳಲ್ಲೂ ಇರಲಿಲ್ಲ. ಕೊಟ್ಟ ರಕ್ತವನ್ನು ಪರೀಕ್ಷೆ ಮಾಡಿ ತಾಳೆ ನೋಡಲು ಗಂಟೆಗಟ್ಟಲೆ ಬೇಕಾದ್ದರಿಂದ ದಾನಿಗಳು ಸಂಜೆ ಐದರೊಳಗೆ ಬರಬೇಕಿತ್ತು.

“ಸಿದ್ದೀಕಾಕ ಇದ್ದಾರಲ್ಲ, ಹೆದರ್ಬೇಡ,” ಎಂದೆ ತಮ್ಮನಿಗೆ. ಎಷ್ಟು ಸಲೀಸಾಗಿ ಹೇಳಿದೆ.

ಸಿದ್ದೀಕಾಕ ಬಿ ನೆಗೆಟಿವಿನ ಪುಟ ತೆರೆದರು. ಏಳು ಹೆಸರು. ಇಬ್ಬರಿಗೆ ಪೆನ್ಸಿಲ್ ಗೀಟು. ಒಬ್ಬರು ದುಬೈಯಲ್ಲಿ. ಒಬ್ಬರಿಗೆ ಹೋದ ತಿಂಗಳು ಕಾಮಾಲೆ. ಉಳಿದದ್ದು ಮೂವರು: ಅರಾಫತ್, ಪೃಥ್ವಿರಾಜ್, ರೈಹಾನಾ.

ಅರಾಫತ್ ಫೋನ್ ಎತ್ತಲಿಲ್ಲ. ಎರಡನೆಯ ಸಲ ಮಾಡಿದಾಗ ಕಟ್ ಮಾಡಿದ. ಮೂರನೆಯ ಸಲಕ್ಕೆ ನಂಬರೇ ಹೋಗಲಿಲ್ಲ. ಸಿದ್ದೀಕಾಕ ಗ್ರೂಪು ತೆರೆದು ನೋಡಿದರು. ಬಿಟ್ಟು ಹೋದವರು ಯಾರೆಂದು ಅಡ್ಮಿನ್ನಿಗೆ ತಿಳಿಯುತ್ತದೆ. ಅರಾಫತ್ ಹೊರಗೆ ಹೋಗಿದ್ದ. ಅವನೊಬ್ಬನೇ ಅಲ್ಲ. ಕೊಂಡಿ ಹಾಕಿದ ಮೇಲೆ ಹನ್ನೆರಡು ಜನ ಹೋಗಿದ್ದರು, ನಾವು ನೋಡುತ್ತಿರುವಾಗಲೇ ಹದಿಮೂರಾಯಿತು.

ಒಬ್ಬರು ಹೋಗುವ ಮೊದಲು ಬರೆದಿದ್ದರು: ‘ನಿಮ್ಮ ಸುದ್ದಿಯನ್ನು ನೀವೇ ಹಂಚುತ್ತೀರಲ್ಲ, ಇಷ್ಟೂ ನಾಚಿಕೆ ಇಲ್ಲವಾ?’

ಅದನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ತಪ್ಪಾಯಿತು ಎಂದು ಪತ್ರಿಕೆಯೇ ಬರೆದಿದೆ, ಅದನ್ನು ಓದಿಯೂ ಹೀಗೆ ಹೇಳುತ್ತಾರೆಂದರೆ ಇವರೆಲ್ಲ ಎಂಥ ಜನ ಎಂದು ಬಾಯಿಗೆ ಬಂದ ಹಾಗೆ ಬೈದೆ. ಸಿದ್ದೀಕಾಕ ಬೈಯಲಿಲ್ಲ. ಪುಸ್ತಕದ ಅಂಚನ್ನು ಉಗುರಿನಿಂದ ಗೀರುತ್ತಾ ಕೂತರು.

“ಕ್ಷಮೆ ಕೇಳಿದ್ರೂ ಸಾಲುದಿಲ್ಲ ಅಂತ ಕಾಣ್ತದೆ ಅಕ್ಕ. ಬೆಂಕಿ ಇಲ್ಲದೆ ಹೊಗೆ ಬರ್ತದಾ ಅಂತ ಜನ ಹೇಳ್ತಾರೆ.”

“ಸುಮ್ನಿರಿ ನೀವು. ಪೃಥ್ವಿರಾಜಿಗೆ ಮಾಡಿ.”

ಪೃಥ್ವಿರಾಜ್ ಬಿಕರ್ನಕಟ್ಟೆಯ ಹತ್ತಿರ ಹೋಟೆಲು ನಡೆಸುವವರು, ಕ್ಯಾಶ್ ಕೌಂಟರಿನಲ್ಲಿ ಕೂತು ದಿನವಿಡೀ ಫೋನಿನಲ್ಲಿ ಸುದ್ದಿ ಓದುವವರು. ಒಂಬತ್ತು ಸಲ ರಕ್ತ ಕೊಟ್ಟವರು, ಪ್ರತಿ ಸಲವೂ ಕರೆದ ಅರ್ಧ ಗಂಟೆಯಲ್ಲಿ ಬಂದವರು. ಸಿದ್ದೀಕಾಕ ಫೋನನ್ನು ಸ್ಪೀಕರಿನಲ್ಲಿ ಇಟ್ಟರು.

“ಹೇಳಿ,” ಎಂದಿತು ಆ ಕಡೆಯ ದನಿ. ಹೆಸರಿಲ್ಲ, ಕಾಕ ಇಲ್ಲ.

“ಒಂದು ಬಿ ನೆಗೆಟಿವ್ ಬೇಕಿತ್ತು ಪೃಥ್ವಿಯಣ್ಣ. ಐದು ಗಂಟೆಯೊಳಗೆ.”

“ನೋಡಿ, ನಾನು ಮಾತು ಬೆಳೆಸುದಿಲ್ಲ. ನಿನ್ನೆಯೇ ಓದಿದ್ದೆ, ನಂಬ್ಲಿಲ್ಲ. ಇವತ್ತು ನೀವೇ ಕಳಿಸಿದ್ದೀರಿ, ಅದನ್ನೂ ಓದಿದೆ. ನನ್ನ ರಕ್ತ ನಾನು ದುಡ್ಡಿಗೆ ಕೊಟ್ಟದ್ದಲ್ಲ. ಅದನ್ನು ಯಾರಾದ್ರೂ ಮಾರಿದ್ದಾರೆ ಅಂತ ಆದ್ರೆ ನಂಗೆ ಸಹಿಸ್ಲಿಕ್ಕೆ ಆಗುದಿಲ್ಲ.”

“ಪೂರ್ತಿ ಓದಿ ಅಂತ ಹಾಕಿದ್ದೆನಲ್ಲ...”

“ಇದ್ದಷ್ಟು ಪೂರ್ತಿಯೇ ಓದಿದೆ. ಇಡ್ತೇನೆ.”

ಇಟ್ಟರು. ಸಿದ್ದೀಕಾಕ ಫೋನನ್ನು ಮೇಜಿನ ಮೇಲೆ ಮಗುಚಿ ಹಾಕಿದರು. ಹನ್ನೊಂದೂ ಮುಕ್ಕಾಲು. ಅಣ್ಣು ಅಷ್ಟರಲ್ಲಿ ಎರಡು ಸಲ ಫೋನ್ ಮಾಡಿದ್ದ, ನಾನು ಎತ್ತಿರಲಿಲ್ಲ. ನನಗೆ ಆಗ ಸಿದ್ದೀಕಾಕನ ಹೆಸರಿಗಿಂತ ಸಂಚಿತಾಳೇ ಮುಖ್ಯವಾಗಿದ್ದಳು, ಸುಳ್ಳು ಯಾಕೆ ಹೇಳಲಿ. ಈ ಮನುಷ್ಯನನ್ನು ಬಿಟ್ಟು ಬೇರೆ ಯಾರನ್ನಾದರೂ ಹಿಡಿಯಬೇಕೇನೋ ಎಂಬ ಯೋಚನೆಯೂ ಬಂತು. ಬಂದ ಕೂಡಲೇ ಅವರ ಮುಖ ನೋಡಲು ಆಗಲಿಲ್ಲ.

ರೈಹಾನಾಗೆ ಕರೆ ಮಾಡುವ ಧೈರ್ಯ ಅವರಿಗಿರಲಿಲ್ಲ. ನಾನು ಮಾಡಿದೆ. ಆಕೆ ಕಾಲೇಜಿನಲ್ಲಿ ಲೆಕ್ಕ ಕಲಿಸುವವಳು, ತರಗತಿಗಳ ನಡುವೆ ಎತ್ತಿದಳು.

“ಬರ್ತೇನೆ ಮೇಡಂ, ಮೂರೂವರೆಗೆ ಕ್ಲಾಸ್ ಮುಗಿತದೆ. ಸಿದ್ದೀಕಾಕನಿಗೆ ಹೇಳಿ, ಆ ಪೇಪರಿನವರು ಕೊನೆಗಾದ್ರೂ ತಪ್ಪು ಒಪ್ಪಿಕೊಂಡ್ರಲ್ಲ, ಒಳ್ಳೇದಾಯ್ತು ಅಂತ.”

“ನೀವು ಕೊನೆವರೆಗೆ ಓದಿದ್ರಾ?”

“ಓದಿದೆ. ಆ ಸೈಟು ನಾನು ತೆಗ್ದದ್ದೇ ಮೊದಲ ಸಲ. ನಿಮಗೆ ಇನ್ನು ನಾಲ್ಕು ಸುದ್ದಿ ಉಚಿತ ಉಂಟು ಅಂತ ಕೆಳಗೆ ಬಂತು.”

ಫೋನ್ ಇಟ್ಟೆ. ಮೊದಲ ಸಲ ತೆರೆದವಳಿಗೆ ಪೂರ್ತಿ ಕಂಡಿದೆ. ದಿನಕ್ಕೆ ಹತ್ತು ಸುದ್ದಿ ಓದುವ ಪೃಥ್ವಿರಾಜ್ ‘ಇದ್ದಷ್ಟು’ ಓದಿದ್ದಾರೆ. ನಾನು ಎದ್ದು ಇನ್ನೊಂದು ಕಂಪ್ಯೂಟರಿಗೆ ಹೋದೆ. ಅದರಲ್ಲಿ ಲಾಗಿನ್ ಮಾಡಿರಲಿಲ್ಲ. ಗ್ರೂಪಿಗೆ ಹಾಕಿದ ಅದೇ ಕೊಂಡಿಯನ್ನು ತೆರೆದೆ.

ತಲೆಬರಹ. ರಕ್ತದ ಚೀಲದ ಚಿತ್ರ. ಬಂಧನ ಎಂದ ಮೊದಲ ಪ್ಯಾರಾ. ಫಳ್ನೀರು ಎಂದ ಎರಡನೆಯ ಪ್ಯಾರಾ. ಆಮೇಲೆ ಮಸುಕು. ಆಮೇಲೆ ಚೌಕ.

ಬೆಳಿಗ್ಗೆ ನಾನೇ ತಲೆ ಗುದ್ದಿಕೊಂಡ ಗೋಡೆ ಅದು. ದುಡ್ಡು ಕೊಟ್ಟ ಮೇಲೆ ಬಿದ್ದುಹೋಯಿತೆಂದುಕೊಂಡಿದ್ದೆ. ಬಿದ್ದದ್ದು ಲಾಗಿನ್ ಆದ ನಮ್ಮಿಬ್ಬರ ಎದುರು ಮಾತ್ರ. ಚಂದಾ ಸುದ್ದಿಯನ್ನು ಬಿಡುಗಡೆ ಮಾಡುವುದಿಲ್ಲ, ಚಂದಾದಾರನನ್ನು ಒಳಗೆ ಬಿಡುತ್ತದೆ, ಅಷ್ಟೇ. ನಾವು ನಕಲು ಮಾಡಿ ಕಳಿಸಿದ ಕೊಂಡಿಯ ಜೊತೆ ನಮ್ಮ ಚಂದಾ ಹೋಗುವುದಿಲ್ಲ. ಪ್ರತಿಯೊಬ್ಬರೂ ತಂತಮ್ಮ ಫೋನಿನ ಐದರ ಲೆಕ್ಕದೊಂದಿಗೆ ಅದರ ಎದುರು ನಿಲ್ಲುತ್ತಾರೆ. ಅಪರೂಪಕ್ಕೆ ಓದುವವರಿಗೆ ಕ್ಷಮಾಪಣೆ ಕಂಡಿತು. ದಿನಾ ಓದುವವರಿಗೆ, ಅಂದರೆ ಸೋಮವಾರದ ಸುದ್ದಿಯನ್ನು ಮೊದಲೇ ನೋಡಿ ಅನುಮಾನಪಟ್ಟವರಿಗೇ, ಆರೋಪ ಮಾತ್ರ ಕಂಡಿತು. ಅದನ್ನು ‘ಪೂರ್ತಿ ಓದಿ, ನಿಮಗೇ ಗೊತ್ತಾಗುತ್ತದೆ’ ಎಂಬ ಒಕ್ಕಣೆಯೊಂದಿಗೆ ನಾನ್ನೂರು ಜನರಿಗೆ ಹಂಚಿದವಳು ಫಳ್ನೀರಿನ ಕಂಪ್ಯೂಟರ್ ಪಂಡಿತೆ ಶಶಿಪ್ರಭಾ.

“ಸಿದ್ದೀಕಾಕ, ಇಲ್ಲಿ ಬನ್ನಿ.”

ಅವರು ಬಂದು ಪರದೆ ನೋಡಿದರು. ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

“ಹಾಗಾದ್ರೆ ಎಲ್ಲರಿಗೂ ಇದು ಹೋದದ್ದಾ?”

“ಎಲ್ಲರಿಗೂ ಅಲ್ಲ. ತುಂಬ ಜನಕ್ಕೆ. ತಪ್ಪು ನಂದು.”

“ಅಳಿಸ್ತೇನೆ,” ಎಂದು ಫೋನ್ ತೆಗೆದರು.

“ಅಳಿಸಿದ್ರೆ ಇವರು ಅಳಿಸಿದ್ದಾರೆ ಅಂತ ಅಲ್ಲಿ ಕಾಣ್ತದೆ. ಹಾಕಿ ಹೆದರಿ ತೆಗ್ದರು ಅಂತ ಆಗ್ತದೆ. ನಿಲ್ಲಿ.”

ಮೊದಲು ಬಿಜೈಗೆ, ದೀಪೇಶನಿಗೆ ಫೋನ್ ಮಾಡಿದೆ. ಆ ನಾಲ್ಕು ಸಾಲನ್ನು ಮೇಲೆ ಹಾಕಿ, ಇಲ್ಲವೇ ಆ ಒಂದು ಸುದ್ದಿಗೆ ಗೋಡೆ ತೆಗೆಯಿರಿ ಎಂದೆ.

“ತಿದ್ದುಪಡಿ ಕೊನೆಗೆ ಹಾಕುದು ನಮ್ಮ ಪದ್ಧತಿ ಮೇಡಂ,” ಎಂದ. “ಗೋಡೆ ತೆಗಿಬಹುದು, ಅದು ಒಂದು ಟಿಕ್ ಮಾರ್ಕಿನ ಕೆಲಸ. ಆದ್ರೆ ಸಂಪಾದಕರು ಹೇಳ್ಬೇಕು. ಅವರು ಫ್ಲೈಟಲ್ಲಿದ್ದಾರೆ.”

“ಕ್ಷಮೆ ಕೇಳ್ಲಿಕ್ಕೂ ದುಡ್ಡು ಕೊಟ್ಟವರೇ ಬೇಕಾ ನಿಮಗೆ?”

ನನ್ನ ಮಾತು ನಾಟಿರಬೇಕು. “ನೀವು ಚಂದಾದಾರರಲ್ವಾ? ಸುದ್ದಿಯ ಬಲಬದಿಗೆ ಉಡುಗೊರೆ ಪೆಟ್ಟಿಗೆಯ ಚಿತ್ರ ಉಂಟು ನೋಡಿ. ಅದನ್ನು ಒತ್ತಿ ಬಂದ ಕೊಂಡಿ ಕಳಿಸಿ. ಅದನ್ನು ತೆಗ್ದವರಿಗೆ ಪೂರ್ತಿ ಕಾಣ್ತದೆ, ಅವರ ಐದರಲ್ಲಿ ಕಳೆಯುದೂ ಇಲ್ಲ. ತಿಂಗಳಿಗೆ ಹತ್ತು ಸುದ್ದಿ ಹಾಗೆ ಕೊಡ್ಬಹುದು,” ಎಂದ.

ಒತ್ತಿದೆ. ಬಂದ ಕೊಂಡಿ ಮೊದಲಿನದ್ದರ ಹಾಗೆಯೇ ಇತ್ತು, ಬಾಲದಲ್ಲಿ ಮಾತ್ರ ಅರ್ಥವಿಲ್ಲದ ಹತ್ತಿಪ್ಪತ್ತು ಅಕ್ಷರ. ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಈ ಸಲ ನಂಬುವ ಮೊದಲು ಎರಡು ಬಾರಿ ನೋಡಿದೆ. ತುದಿಯವರೆಗೂ ತೆರೆದುಕೊಂಡಿತು.

ಗ್ರೂಪಿಗೆ ಹಾಕಿದೆವು. ಕಾದೆವು. ಯಾರೂ ಏನೂ ಬರೆಯಲಿಲ್ಲ. ಅದೇ ತಲೆಬರಹ, ಅದೇ ರಕ್ತದ ಚೀಲದ ಚಿತ್ರ ಮತ್ತೊಮ್ಮೆ ಬಂದು ಕೂತಿದ್ದನ್ನು ಕಂಡು ಯಾರು ತಾನೇ ಒತ್ತುತ್ತಾರೆ? ಹೊರಗೆ ಹೋದವರಿಗಂತೂ ಅದು ಮುಟ್ಟುವ ದಾರಿಯೇ ಇರಲಿಲ್ಲ. ಗಂಟೆ ಎರಡಾಯಿತು. ಸಿದ್ದೀಕಾಕನ ಊಟದ ಡಬ್ಬಿ ಹಾಗೇ ಇತ್ತು.

“ಪೃಥ್ವಿಯಣ್ಣನಿಗೆ ನೀವು ಮಾತಾಡಿ ಅಕ್ಕ,” ಎಂದರು. “ನನ್ನ ಹೆಸರು ಎತ್ತಬೇಡಿ. ಹುಡುಗಿ ನಿಮ್ಮ ಮನೆಯವಳು, ಕೇಳುವವರು ನೀವು. ನನ್ನ ವಿಷಯ ಆಮೇಲೆ. ಮೊದಲು ರಕ್ತ ಬರಲಿ.”

ಅದು ಸುಲಭದ ದಾರಿಯಾಗಿತ್ತು. ನಾನೂ ಅದನ್ನೇ ಮನಸ್ಸಿನಲ್ಲಿ ಎಣಿಸಿದ್ದೆ. ಆದರೆ ಅವರ ಬಾಯಿಂದಲೇ ಅದು ಬಂದಾಗ ಆ ದಾರಿ ನನಗೆ ಬೇಡವಾಯಿತು. ಇಪ್ಪತ್ತು ವರ್ಷ ಇನ್ನೊಬ್ಬರ ರಕ್ತಕ್ಕಾಗಿ ತನ್ನ ಹೆಸರು ಹೇಳಿದ ಮನುಷ್ಯ, ಇವತ್ತು ರಕ್ತ ಬರಲಿ ಎಂದು ತನ್ನ ಹೆಸರನ್ನು ಬಚ್ಚಿಡಿ ಎನ್ನುತ್ತಿದ್ದಾರೆ.

ನನ್ನ ಫೋನಿನಿಂದ ಪೃಥ್ವಿರಾಜಿಗೆ ಕರೆ ಮಾಡಿದೆ. “ನಾನು ಶಶಿಪ್ರಭಾ, ಫಳ್ನೀರಿನ ಝೆರಾಕ್ಸ್ ಅಂಗಡಿ. ನನ್ನ ತಮ್ಮನ ಮಗಳಿಗೆ ಬಿ ನೆಗೆಟಿವ್ ಬೇಕು. ಬೆಳಿಗ್ಗೆ ಸಿದ್ದೀಕಾಕ ನಿಮ್ಮನ್ನು ಕೇಳಿದ್ದು ಅವಳಿಗೇ.”

ಸಿದ್ದೀಕಾಕ ಬೇಡ ಬೇಡ ಎಂದು ಕೈಯಾಡಿಸಿದರು. ನಾನು ಬೆನ್ನು ತಿರುಗಿಸಿದೆ.

“ನೀವು ಓದಿದ ಸುದ್ದಿ ಎಲ್ಲಿಗೆ ನಿಂತಿತ್ತು ಹೇಳಿ. ಚಂದಾದಾರರಾಗಿ ಅಂತ ಒಂದು ಚೌಕ ಬಂತಲ್ವಾ?”

“ಬಂತು. ಅದು ಯಾವಾಗ್ಲೂ ಬರ್ತದೆ.”

“ಅದರ ಕೆಳಗೆ ಪತ್ರಿಕೆಯವರು ಕ್ಷಮೆ ಕೇಳಿದ್ದಾರೆ. ನಿಮಗೆ ಕಾಣ್ಲಿಲ್ಲ. ಈಗ ಒಂದು ಕೊಂಡಿ ಕಳಿಸ್ತೇನೆ, ಅದೇ ಚಿತ್ರ ಬರ್ತದೆ, ಆದ್ರೂ ಒತ್ತಿ. ಕೊನೆಯ ನಾಲ್ಕು ಸಾಲು ಓದಿ. ಆಮೇಲೆ ಬರುದು ಬಿಡುದು ನಿಮ್ಮಿಷ್ಟ.”

“ನೀವೇ ಓದಿ ಹೇಳಿ.”

“ನಾನು ಅವರ ಪಕ್ಕದ ಅಂಗಡಿಯವಳು. ನಾನು ಓದಿದ್ರೆ ನೀವು ಯಾಕೆ ನಂಬಬೇಕು? ನೀವೇ ಓದಿ.”

ಕಳಿಸಿದೆ. ವಾಟ್ಸಾಪಿನಲ್ಲಿ ಎರಡು ಟಿಕ್ ಗೆರೆ ಬಿತ್ತು. ನೀಲಿಯಾಗಲಿಲ್ಲ. ಹೋಟೆಲಿನಲ್ಲಿ ಊಟದ ಹೊತ್ತು. ಮೂರಾಯಿತು. ಅಣ್ಣು ಅಂಗಡಿಗೇ ಬಂದು, ಒಬ್ಬರಾದರೂ ಸಿಕ್ಕಿದರಾ ಎಂದು ಕೇಳಿದ. ಒಬ್ಬರು ಸಿಕ್ಕಿದ್ದಾರೆ, ಇನ್ನೊಬ್ಬರು ದಾರಿಯಲ್ಲಿದ್ದಾರೆ ಎಂದು ಅವನಿಗೆ ಸುಳ್ಳು ಹೇಳಿದೆ. ಮೂರೂ ಮುಕ್ಕಾಲಿಗೆ ರೈಹಾನಾ ಬ್ಲಡ್ ಬ್ಯಾಂಕಿಗೆ ಹೋದಳು. ಸಿದ್ದೀಕಾಕ ಅವಳ ಜೊತೆ ಹೋಗಲಿಲ್ಲ, ಬಾಗಿಲ ಹೊರಗೆ ನಿಂತರು. ಒಳಗೆ ಪರಿಚಯದ ನರ್ಸುಗಳಿದ್ದಾರೆ, ಅವರು ಎಷ್ಟು ಓದಿದ್ದಾರೋ ಗೊತ್ತಿಲ್ಲ ಎಂದರು.

ನಾಲ್ಕು ಹತ್ತಕ್ಕೆ ಗೆರೆ ನೀಲಿಯಾಯಿತು. ಉತ್ತರವಿಲ್ಲ. ನಾಲ್ಕೂ ಕಾಲು. ನಾಲ್ಕೂವರೆ. ನಾನು ಆಸ್ಪತ್ರೆಯ ಜಗಲಿಯಲ್ಲಿ ಹಿಂದೆ ಮುಂದೆ ನಡೆಯುತ್ತಿದ್ದೆ. ಬೆಳಿಗ್ಗೆ ಕಳಿಸುವ ಮೊದಲು ಆ ಎರಡನೆಯ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಲು ನನಗೆ ಏನು ಧಾಡಿಯಾಗಿತ್ತು ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಸಂಚಿತಾಳಿಗೆ ಏನಾದರೂ ಆದರೆ ಅದು ನನ್ನ ಕೈಯಿಂದಲೇ ಆದ ಹಾಗೆ.

ನಾಲ್ಕು ನಲವತ್ತಕ್ಕೆ ಪೃಥ್ವಿರಾಜ್ ಸ್ಕೂಟರಿನಲ್ಲಿ ಬಂದರು. ಹೆಲ್ಮೆಟ್ ತೆಗೆದು, ನನ್ನನ್ನು ದಾಟಿ, ಸಿದ್ದೀಕಾಕ ನಿಂತಲ್ಲಿಗೆ ಹೋದರು.

“ಕಾಕ, ನಾನು ಬೆಳಿಗ್ಗೆ ಹಾಗೆ ಮಾತಾಡಿದ್ದು...”

“ಅದೆಲ್ಲ ಆಮೇಲೆ ಪೃಥ್ವಿಯಣ್ಣ. ಐದಕ್ಕೆ ಮುಚ್ತಾರೆ. ಊಟ ಮಾಡಿದ್ದೀರಲ್ಲ? ಹಾಗಾದ್ರೆ ಹೋಗಿ, ಬೇಗ.”

ಬುಧವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಸಂಚಿತಾಳಿಗೆ ಗಂಡು ಮಗುವಾಯಿತು. ಎರಡು ಬಾಟಲಿಯೂ ಬೇಕಾಯಿತು. ಎರಡನೆಯದು ಇಲ್ಲದಿದ್ದರೆ ಎಂಬ ಮಾತನ್ನು ಡಾಕ್ಟರು ಅರ್ಧಕ್ಕೆ ನಿಲ್ಲಿಸಿದರು, ಅಣ್ಣು ಅವರ ಕೈ ಹಿಡಿದು ಅತ್ತ.

ಅದೇ ದಿನ ದೀಪೇಶ್ ಫೋನ್ ಮಾಡಿದ. ಸಂಪಾದಕರು ಒಪ್ಪಿದ್ದರು. ತಿದ್ದುಪಡಿ ತಲೆಬರಹದ ಕೆಳಗೇ ಬಂದಿತ್ತು, ಎರಡನೆಯ ಪ್ಯಾರಾದಿಂದ ಫಳ್ನೀರು ಹೋಗಿತ್ತು, ಸುದ್ದಿಗೆ ಗೋಡೆ ಇರಲಿಲ್ಲ. ಇನ್ನು ಯಾರು ಬೇಕಾದರೂ ಓದಬಹುದು. ಓದಬೇಕಾದವರು ಮಾತ್ರ ಓದಿ ಮುಗಿಸಿ, ನಿರ್ಧಾರ ಮಾಡಿ, ಎದ್ದು ಹೋಗಿದ್ದರು. ಗ್ರೂಪಿನಿಂದ ಹೋದ ಮೂವತ್ತೊಂದು ಜನರಲ್ಲಿ ಯಾರೂ ತಿರುಗಿ ಬರಲಿಲ್ಲ. ಗ್ರೂಪಿನಲ್ಲೇ ಉಳಿದವರಲ್ಲಿ ಯಾರು ಎಷ್ಟು ಓದಿದ್ದಾರೆಂದು ತಿಳಿಯುವ ಉಪಾಯವೂ ಇರಲಿಲ್ಲ.

ಮಧ್ಯಾಹ್ನ ಅಂಗಡಿಯಲ್ಲಿ ಯಾರದ್ದೋ ವಿಮೆಯ ಕಾಗದ ಸ್ಕ್ಯಾನ್ ಮಾಡುತ್ತಿದ್ದೆ. ಪ್ಲೈವುಡ್ಡಿನ ಆಚೆ ಸಿದ್ದೀಕಾಕ ಪುಸ್ತಕ ತೆರೆದ ಸದ್ದಾಯಿತು. ಎ ಪಾಸಿಟಿವಿನ ಮೊದಲ ಹೆಸರಿನಿಂದ ಶುರು ಮಾಡಿದ್ದರು. ಒಬ್ಬರು ಕೇಳಿ ಇಟ್ಟರು. ಒಬ್ಬರು ಕೇಳದೆ ಇಟ್ಟರು. ಐದನೆಯದೋ ಆರನೆಯದೋ ಕರೆಯ ಹೊತ್ತಿಗೆ ನಾನು ಸ್ಕ್ಯಾನರಿನ ಮುಚ್ಚಳ ಹಾಕಿ ಕೇಳುತ್ತಾ ನಿಂತಿದ್ದೆ.

“ನಮಸ್ಕಾರ, ನಾನು ಫಳ್ನೀರಿನ ಸಿದ್ದೀಕ್. ಇಲ್ಲ, ಇಲ್ಲ, ಇವತ್ತು ರಕ್ತ ಬೇಡ. ಪೇಪರಿನಲ್ಲಿ ನಾಲ್ಕು ಸಾಲು ಬಂದದ್ದು ಉಂಟು, ನಾನೇ ಓದಿ ಹೇಳ್ತೇನೆ. ಒಂದು ನಿಮಿಷ ಕೇಳ್ತೀರಾ?”